ನಾಯಿಯ ಹೃದಯದ ಹುಳು: ಸೊಳ್ಳೆಯಿಂದ ಬರುವುದು ನಿಜ, ಆದರೆ ಮಾತ್ರೆಗಿಂತ ಮೊದಲು ರಕ್ತ ಪರೀಕ್ಷೆ ಏಕೆ?

‘ಸೊಳ್ಳೆ ಕಚ್ಚಿದರೆ ನಾಯಿಯ ಹೃದಯದಲ್ಲಿ ಹುಳು ಬೆಳೆಯುತ್ತದೆ. ತಿಂಗಳಿಗೊಮ್ಮೆ ಐವರ್‌ಮೆಕ್ಟಿನ್ ಕೊಟ್ಟುಬಿಡಿ. ಟೆಸ್ಟು ಗಿಸ್ಟು ಏನೂ ಬೇಡ, ಅದೆಲ್ಲ ದುಡ್ಡು ಮಾಡುವ ದಾರಿ.’ ನಾಯಿ ಸಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಇಂತಹ ಸಲಹೆಗಳು ಆಗಾಗ ತಿರುಗುತ್ತಿರುತ್ತವೆ. ಜೊತೆಗೆ ಶ್ಯಾವಿಗೆಯಂತಹ ಹುಳುಗಳು ತುಂಬಿದ ಒಂದು ಹೃದಯದ ಚಿತ್ರವೂ ಇರುತ್ತದೆ.

ಈ ಸಂದೇಶದ ಮೊದಲ ವಾಕ್ಯ ನಿಜ. ಎರಡನೆಯದು ಅರ್ಧ ನಿಜ. ಮೂರನೆಯದು ಸುಳ್ಳು, ಮತ್ತು ಅದನ್ನು ನಂಬಿದರೆ ನಾಯಿಯ ಜೀವಕ್ಕೇ ಅಪಾಯ ಬರಬಹುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮನೆಗೊಂದು, ತೋಟಕ್ಕೊಂದು ನಾಯಿ ಇರುತ್ತದೆ. ಕುರಿ ಸಾಕಿದವರ ಮನೆಯಲ್ಲಿ ಐವರ್‌ಮೆಕ್ಟಿನ್ ಬಾಟಲಿಯೂ ಇರುವುದುಂಟು. ಹೀಗಾಗಿ ಈ ಸಲಹೆಯನ್ನು ಪಾಲಿಸುವುದು ಇಲ್ಲಿ ಬಹಳ ಸುಲಭ. ಅದಕ್ಕೇ ನಾವು ಇದನ್ನು ಸ್ವಲ್ಪ ಬಿಡಿಸಿ ನೋಡೋಣ ಎಂದುಕೊಂಡೆವು.

ಇದು ಹೊಟ್ಟೆಯ ಹುಳು ಅಲ್ಲ

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ಮರಿಗಳಿಗೆ ನಾವು ಕೊಡಿಸುವ ಜಂತುಹುಳದ ಮಾತ್ರೆ ಕರುಳಿನಲ್ಲಿರುವ ಹುಳುಗಳಿಗೆ. ಆ ಹುಳುಗಳು ಮಲದ ಮೂಲಕ, ಮಣ್ಣಿನ ಮೂಲಕ, ತಾಯಿಯ ಹಾಲಿನ ಮೂಲಕ ಹರಡುತ್ತವೆ. ಹೃದಯದ ಹುಳುವಿನ ದಾರಿಯೇ ಬೇರೆ. ಅದರ ವೈಜ್ಞಾನಿಕ ಹೆಸರು ಡೈರೋಫಿಲೇರಿಯಾ ಇಮಿಟಿಸ್. ಅದು ಇರುವುದು ರಕ್ತನಾಳದಲ್ಲಿ, ಹರಡುವುದು ಸೊಳ್ಳೆಯಿಂದ ಮಾತ್ರ. ಮನುಷ್ಯರಲ್ಲಿ ಆನೆಕಾಲು ರೋಗ ತರುವ ಹುಳುವಿಗೆ ಇದು ದೂರದ ಸಂಬಂಧಿ.

ಆದ್ದರಿಂದ ಸಾಮಾನ್ಯ ಜಂತುಹುಳದ ಮಾತ್ರೆ ಕೊಟ್ಟಿದ್ದೇವೆ ಎಂದರೆ ಹೃದಯದ ಹುಳುವಿನಿಂದ ರಕ್ಷಣೆ ಸಿಕ್ಕಿತು ಎಂದಾಗುವುದಿಲ್ಲ. ಹುಚ್ಚುನಾಯಿ ರೋಗದ ಲಸಿಕೆಯಾಗಲೀ ಡಿಸ್ಟೆಂಪರ್, ಪಾರ್ವೊ ಲಸಿಕೆಯಾಗಲೀ ಇದಕ್ಕೆ ಸಂಬಂಧಿಸಿದ್ದಲ್ಲ. ರೋಗ ಇರುವ ನಾಯಿಯ ಎಂಜಲು ತಟ್ಟೆಯಿಂದ, ಮಲದಿಂದ, ಕಚ್ಚಾಟದಿಂದ ಇನ್ನೊಂದು ನಾಯಿಗೆ ಇದು ಬರುವುದೂ ಇಲ್ಲ. ಯಾಕೆ ಬರುವುದಿಲ್ಲ ಎನ್ನುವುದು ಹುಳುವಿನ ಜೀವನ ನೋಡಿದರೆ ತಿಳಿಯುತ್ತದೆ.

ಸೊಳ್ಳೆಯ ಹೊಟ್ಟೆಯಲ್ಲಿ ಎರಡು ವಾರ

ಹೃದಯದ ಹುಳು ಇರುವ ಒಂದು ನಾಯಿಯನ್ನು ಊಹಿಸಿಕೊಳ್ಳಿ. ಅದರೊಳಗಿನ ಹೆಣ್ಣು ಹುಳು ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿಗಳನ್ನೇ ರಕ್ತಕ್ಕೆ ಬಿಡುತ್ತದೆ. ಈ ಮರಿಗೆ ಮೈಕ್ರೋಫಿಲೇರಿಯಾ ಎನ್ನುತ್ತಾರೆ. ಅದರ ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೂ ಕಡಿಮೆ, ಬರಿಗಣ್ಣಿಗೆ ಕಾಣುವುದಿಲ್ಲ. ಇಂತಹ ಮರಿಗಳು ರಕ್ತದಲ್ಲಿ ಸುತ್ತುತ್ತಾ ಎರಡು ವರ್ಷದವರೆಗೂ ಬದುಕಿರಬಹುದು. ಆದರೆ ನಾಯಿಯೊಳಗೆ ಎಷ್ಟು ದಿನ ಇದ್ದರೂ ಅವು ದೊಡ್ಡ ಹುಳುಗಳಾಗಲಾರವು. ಮುಂದೆ ಬೆಳೆಯಬೇಕಾದರೆ ಸೊಳ್ಳೆಯೊಳಗೆ ಹೋಗಲೇಬೇಕು.

ಸೊಳ್ಳೆ ಆ ನಾಯಿಯ ರಕ್ತ ಹೀರಿದಾಗ ಮರಿಗಳೂ ಒಳಗೆ ಹೋಗುತ್ತವೆ. ಅಲ್ಲಿ ಅವು ಎರಡು ಸಲ ಪೊರೆ ಕಳಚಿ ಮೂರನೇ ಹಂತಕ್ಕೆ ಬರುತ್ತವೆ. ಈ ಮೂರನೇ ಹಂತದ ಮರಿಗೆ ಮಾತ್ರ ಇನ್ನೊಂದು ನಾಯಿಗೆ ರೋಗ ಹತ್ತಿಸುವ ಶಕ್ತಿ ಇದೆ. ಹವೆ ಬೆಚ್ಚಗಿದ್ದು 27 ಡಿಗ್ರಿ ಸುಮಾರಿಗಿದ್ದರೆ ಇದಕ್ಕೆ 10ರಿಂದ 14 ದಿನ ಸಾಕು. ತಂಪಿದ್ದರೆ ಹೆಚ್ಚು ದಿನ ಬೇಕು. 14 ಡಿಗ್ರಿಗಿಂತ ಕೆಳಗೆ ಬೆಳವಣಿಗೆ ನಿಂತೇ ಹೋಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದಲ್ಲಿ ಈ ರೋಗ ಹರಡುವುದು ನಿಲ್ಲುವುದು ಇದೇ ಕಾರಣಕ್ಕೆ. ನಮ್ಮ ಬಯಲುಸೀಮೆಯಲ್ಲಿ ಡಿಸೆಂಬರ್‌ನ ರಾತ್ರಿಗಳು ಎಷ್ಟೇ ಕೊರೆದರೂ ಹಗಲು ಮತ್ತೆ ಬಿಸಿಲೇರುತ್ತದೆ. ಆದ್ದರಿಂದ ‘ಚಳಿಗಾಲದಲ್ಲಿ ಚಿಂತೆ ಇಲ್ಲ’ ಎನ್ನುವ ಮಾತು ನಮಗೆ ಹೊಂದುವುದಿಲ್ಲ.

ಇದನ್ನು ಒಯ್ಯುವುದು ಯಾವುದೋ ಒಂದೇ ಜಾತಿಯ ಸೊಳ್ಳೆಯಲ್ಲ. ಚರಂಡಿ ನೀರಿನ ಕ್ಯೂಲೆಕ್ಸ್, ತೊಟ್ಟಿ, ಡ್ರಮ್ಮು, ಟೈರಿನ ನೀರಿನಲ್ಲಿ ಬೆಳೆಯುವ ಈಡಿಸ್, ಕೆರೆಕುಂಟೆಯ ಅನಾಫಿಲಿಸ್ ಈ ಮೂರು ಬಳಗಗಳಲ್ಲೂ ಇದನ್ನು ಒಯ್ಯಬಲ್ಲ ಜಾತಿಗಳಿವೆ. ರೇಷ್ಮೆ ನೂಲು ಬಿಚ್ಚುವ ಮನೆಯ ಹಿಂದೆ ನಿಂತ ನೀರು, ತೋಟದ ಕೃಷಿ ಹೊಂಡದ ಅಂಚು, ಬಚ್ಚಲು ನೀರು ಹರಿಯುವ ಮೋರಿ ಎಲ್ಲವೂ ಸೊಳ್ಳೆಯ ತವರೇ. ನಾಯಿ ಮಲಗುವುದೂ ಅಲ್ಲೇ ಆಸುಪಾಸಿನಲ್ಲಿ.

ಕಚ್ಚಿದ ಮೇಲೆ ಆರೇಳು ತಿಂಗಳು

ಮರಿ ಹೊತ್ತ ಸೊಳ್ಳೆ ಇನ್ನೊಂದು ನಾಯಿಯನ್ನು ಕಚ್ಚಿತು ಎನ್ನೋಣ. ಸೊಳ್ಳೆ ಹುಳುವನ್ನು ಸೂಜಿಯಂತೆ ಒಳಗೆ ಚುಚ್ಚುವುದಿಲ್ಲ. ಅದರ ಬಾಯಿಯಿಂದ ಒಸರಿದ ಸಣ್ಣ ಹನಿಯೊಂದರಲ್ಲಿ ಮರಿಗಳು ಚರ್ಮದ ಮೇಲೆ ಬೀಳುತ್ತವೆ, ಆಮೇಲೆ ಕಚ್ಚಿದ ತೂತಿನಿಂದ ತಾವೇ ಒಳಗೆ ತೂರುತ್ತವೆ.

ಮೊದಲ ಎರಡು ವಾರದೊಳಗೆ ಅವು ನಾಲ್ಕನೇ ಹಂತಕ್ಕೆ ಬರುತ್ತವೆ. ಆಮೇಲೆ ಚರ್ಮದಡಿಯಲ್ಲಿ, ಮಾಂಸಖಂಡದ ನಡುವೆ ನಿಧಾನವಾಗಿ ಸಾಗುತ್ತಾ ಸುಮಾರು ಎರಡು ತಿಂಗಳು ಕಳೆಯುತ್ತವೆ. 50ರಿಂದ 70 ದಿನದೊಳಗೆ ಕೊನೆಯ ಸಲ ಪೊರೆ ಕಳಚಿ ಎಳೆಯ ಹುಳುವಾಗುತ್ತವೆ. ಈಗ ಅವು ರಕ್ತನಾಳಕ್ಕೆ ಇಳಿದು, ರಕ್ತದ ಹರಿವಿನ ಜೊತೆ ಸಾಗಿ, ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳಗಳನ್ನು ಸೇರುತ್ತವೆ. ಆಗ ಒಂದೊಂದೂ ಒಂದೂವರೆ ಅಂಗುಲದಷ್ಟಿರುತ್ತದೆ. ಅಲ್ಲಿಯೇ ಬೆಳೆದು ಗಂಡು ಒಂದು ಗೇಣಿಗಿಂತ ಕಡಿಮೆ, ಹೆಣ್ಣು 25ರಿಂದ 30 ಸೆಂಟಿಮೀಟರ್, ಅಂದರೆ ಶಾಲೆಯ ಅಡಿಕೋಲಿನಷ್ಟು ಉದ್ದವಾಗುತ್ತದೆ. ಕಚ್ಚಿದ ದಿನದಿಂದ ಆರೇಳು ತಿಂಗಳಾದ ಮೇಲೆ ಹೆಣ್ಣು ಹುಳು ತನ್ನ ಮರಿಗಳನ್ನು ರಕ್ತಕ್ಕೆ ಬಿಡಲು ಶುರು ಮಾಡುತ್ತದೆ. ಅಲ್ಲಿಂದ ಚಕ್ರ ಮತ್ತೆ ಸೊಳ್ಳೆಗೆ ಹೋಗುತ್ತದೆ. ದೊಡ್ಡ ಹುಳು ಐದರಿಂದ ಏಳು ವರ್ಷ ಬದುಕುತ್ತದೆ.

ಹೆಸರು ಹೃದಯದ ಹುಳು ಎಂದಿದ್ದರೂ ಅದರ ನಿಜವಾದ ಮನೆ ಶ್ವಾಸಕೋಶದ ನಾಳ. ಹುಳುಗಳ ಸಂಖ್ಯೆ ಜಾಸ್ತಿಯಾದಾಗ ಅವು ಹೃದಯದ ಬಲಭಾಗಕ್ಕೆ ಹಿಂದೆ ಸರಿಯುತ್ತವೆ. ಫಾರ್ವರ್ಡ್ ಚಿತ್ರಗಳಲ್ಲಿ ಕಾಣುವ ಹುಳು ತುಂಬಿದ ಹೃದಯ ಆ ಕೊನೆಯ ಹಂತದ್ದು.

ನಾಯಿಯಲ್ಲಿ ಮೊದಲು ಕಾಣುವುದು ಬಿಡದ ಒಣಕೆಮ್ಮು. ಆಮೇಲೆ ಸ್ವಲ್ಪ ಓಡಿದರೂ ಸುಸ್ತು, ತೂಕ ಇಳಿಯುವುದು. ಇನ್ನೂ ಬಲಿತರೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಹುಳುಗಳು ಹೃದಯದೊಳಗೆ ಕವಾಟಕ್ಕೆ ಅಡ್ಡ ಬಂದರೆ ನಾಯಿ ಏಕಾಏಕಿ ಕುಸಿಯುತ್ತದೆ, ಒಸಡು ಬಿಳಚಿಕೊಳ್ಳುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಆಗ ಶಸ್ತ್ರಚಿಕಿತ್ಸೆಯಿಂದ ಹುಳುಗಳನ್ನು ಹೊರತೆಗೆಯುವುದೊಂದೇ ದಾರಿ. ಆದರೆ ಮೊದಲ ತಿಂಗಳುಗಳಲ್ಲಿ, ಹುಳುಗಳು ಕಡಿಮೆ ಇದ್ದರೆ ವರ್ಷಗಟ್ಟಲೆಯೂ, ನಾಯಿ ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ. ‘ನಮ್ಮ ನಾಯಿ ಗಟ್ಟಿಮುಟ್ಟಾಗಿದೆ, ಅದಕ್ಕೇನೂ ಇಲ್ಲ’ ಎಂದು ಹೇಳುವಂತಿಲ್ಲ.

ಮಾತ್ರೆ ಕೆಲಸ ಮಾಡುವುದು ಹಿಂದಕ್ಕೆ, ಮುಂದಕ್ಕಲ್ಲ

ತಿಂಗಳಿಗೊಮ್ಮೆ ಕೊಡುವ ತಡೆ ಔಷಧಗಳು ಐವರ್‌ಮೆಕ್ಟಿನ್, ಮಿಲ್ಬೆಮೈಸಿನ್, ಮಾಕ್ಸಿಡೆಕ್ಟಿನ್, ಸೆಲಾಮೆಕ್ಟಿನ್ ಎಂಬ ಒಂದೇ ಬಳಗದವು. ಕೆಲವು ಮಾತ್ರೆಯ ರೂಪದಲ್ಲಿವೆ, ಕೆಲವನ್ನು ಕತ್ತಿನ ಹಿಂಭಾಗದ ಚರ್ಮಕ್ಕೆ ಹಚ್ಚುತ್ತಾರೆ. ಇಂದು ಮಾತ್ರೆ ಕೊಟ್ಟರೆ ಮುಂದಿನ ತಿಂಗಳು ಪೂರ್ತಿ ನಾಯಿಯ ಸುತ್ತ ಒಂದು ಕವಚ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ತಿಂಗಳ ಮಾತ್ರೆ ಮುಖ್ಯವಾಗಿ ಮಾಡುವ ಕೆಲಸ ಬೇರೆ. ಕಳೆದ ತಿಂಗಳಿನಲ್ಲಿ ಸೊಳ್ಳೆ ಬಿಟ್ಟು ಹೋದ ಮೂರನೇ ಮತ್ತು ನಾಲ್ಕನೇ ಹಂತದ ಮರಿಗಳನ್ನು ಅದು ಕೊಲ್ಲುತ್ತದೆ. ಅಂದರೆ ಅದು ತಿಂಗಳ ಕೊನೆಯಲ್ಲಿ ಅಂಗಳ ಗುಡಿಸಿದ ಹಾಗೆ.

ಹೀಗಿರುವುದರಿಂದಲೇ ಅದಕ್ಕೆ ಒಂದು ಮಿತಿ ಇದೆ. ಎರಡು ತಿಂಗಳು ದಾಟಿ ಎಳೆಯ ಹುಳುವಾದ ಮೇಲೆ ಆ ಸಣ್ಣ ಪ್ರಮಾಣಕ್ಕೆ ಅದು ಸಾಯುವುದಿಲ್ಲ. ದೊಡ್ಡ ಹುಳುವನ್ನಂತೂ ತಡೆ ಮಾತ್ರೆಯಿಂದ ನಿಭಾಯಿಸಲು ಆಗುವುದಿಲ್ಲ. ಈಗಾಗಲೇ ಹುಳು ಇರುವ ನಾಯಿಗೆ ಪರೀಕ್ಷೆ ಇಲ್ಲದೆ ಮಾತ್ರೆ ಶುರು ಮಾಡಿದರೆ ಹೊಸ ಹುಳು ಸೇರುವುದು ನಿಲ್ಲಬಹುದು. ಇರುವ ಹುಳು ಮಾತ್ರ ವರ್ಷಗಟ್ಟಲೆ ನಾಳಗಳನ್ನು ಕೆಡಿಸುತ್ತಲೇ ಇರುತ್ತದೆ. ಮನೆಯವರು ಮಾತ್ರೆ ಕೊಡುತ್ತಿದ್ದೇವಲ್ಲ ಎಂದು ನಿಶ್ಚಿಂತೆಯಾಗಿರುತ್ತಾರೆ. ನಾಯಿ ಕೆಮ್ಮಿದರೆ ಶೀತ ಎಂದುಕೊಳ್ಳುತ್ತಾರೆ. ಪರೀಕ್ಷೆ ಮೊದಲು ಬೇಕು ಎನ್ನುವುದಕ್ಕೆ ಇದು ಮೊದಲ ಕಾರಣ.

ಮರಿಗಳೆಲ್ಲ ಒಟ್ಟಿಗೆ ಸತ್ತರೆ

ಎರಡನೇ ಕಾರಣ ಇನ್ನೂ ತುರ್ತಿನದು. ರಕ್ತದಲ್ಲಿ ಮೈಕ್ರೋಫಿಲೇರಿಯಾ ತುಂಬಿಕೊಂಡಿರುವ ನಾಯಿಗೆ ಅವನ್ನು ಬೇಗ ಕೊಲ್ಲುವ ಔಷಧ ಕೊಟ್ಟರೆ ಲಕ್ಷಗಟ್ಟಲೆ ಮರಿಗಳು ಒಟ್ಟಿಗೆ ಸಾಯುತ್ತವೆ. ಅವುಗಳಿಂದ ಬಿಡುಗಡೆಯಾಗುವ ಪದಾರ್ಥಗಳಿಗೆ ನಾಯಿಯ ದೇಹ ಜೋರಾಗಿ ಪ್ರತಿಕ್ರಿಯಿಸುತ್ತದೆ. ಕೆಲವೇ ಗಂಟೆಗಳಲ್ಲಿ ವಾಂತಿ, ಜೊಲ್ಲು, ಏದುಸಿರು, ಬಿಳಚಿದ ಒಸಡು, ನಿತ್ರಾಣ ಕಾಣಿಸಿಕೊಂಡು ನಾಯಿ ಆಘಾತಕ್ಕೆ ಹೋಗಬಹುದು. ತಡೆ ಔಷಧಗಳಲ್ಲಿ ಮಿಲ್ಬೆಮೈಸಿನ್ ಮರಿಗಳನ್ನು ಬೇಗ ಕೊಲ್ಲುವುದರಿಂದ ಅದರ ವಿಷಯದಲ್ಲಿ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ. ರಕ್ತದಲ್ಲಿ ಮರಿ ಇದೆ ಎಂದು ಮೊದಲೇ ಗೊತ್ತಿದ್ದರೆ ಬೇರೆ ಔಷಧ ಆಯ್ದುಕೊಳ್ಳಬಹುದು, ಪ್ರತಿಕ್ರಿಯೆ ತಗ್ಗಿಸುವ ಔಷಧವನ್ನು ಮೊದಲೇ ಕೊಡಬಹುದು, ಮೊದಲ ದಿನ ನಾಯಿಯನ್ನು ಕಣ್ಣೆದುರಿಗೆ ಇಟ್ಟುಕೊಳ್ಳಬಹುದು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಆನೆಕಾಲು ರೋಗ ತಡೆಯಲು ಮನುಷ್ಯರಿಗೆ ಕೊಡುವ ಡಿಇಸಿ ಮಾತ್ರೆಯನ್ನು, ‘ಅದೂ ಇದೂ ಒಂದೇ ಜಾತಿಯ ಹುಳು’ ಎಂಬ ನೆವದಿಂದ ನಾಯಿಗೆ ಕೊಡುವಂತೆ ಯಾರಾದರೂ ಹೇಳಿದರೆ ಕೇಳಬೇಡಿ. ಡಿಇಸಿ ಒಂದು ಕಾಲದಲ್ಲಿ ನಾಯಿಗಳಿಗೆ ತಡೆ ಔಷಧವಾಗಿ ಬಳಕೆಯಲ್ಲಿತ್ತು, ನಿಜ. ಆದರೆ ರಕ್ತದಲ್ಲಿ ಹೃದಯದ ಹುಳುವಿನ ಮರಿ ಇರುವ ನಾಯಿಗೆ ಅದನ್ನು ಕೊಟ್ಟಾಗ ಪ್ರಾಣ ತೆಗೆಯುವಂತಹ ಆಘಾತ ಆಗುತ್ತದೆ ಎಂಬುದು ಆಗಲೇ ತಿಳಿದುಬಂತು. ಔಷಧಕ್ಕಿಂತ ಮೊದಲು ರಕ್ತ ನೋಡಬೇಕು ಎಂಬ ನಿಯಮ ಗಟ್ಟಿಯಾಗಿ ನಿಂತದ್ದು ಆ ಅನುಭವದಿಂದಲೇ.

ಒಂದು ನಾಯಿಯ ಲೆಕ್ಕ

ಪರೀಕ್ಷೆಯನ್ನು ಒಂದು ಸಲ ಮಾಡಿದರೆ ಸಾಲದು, ಆರು ತಿಂಗಳಾದ ಮೇಲೆ ಮತ್ತೆ ಮಾಡಬೇಕು ಎಂದು ವೈದ್ಯರು ಹೇಳುತ್ತಾರೆ. ಇದನ್ನು ಕೇಳಿದಾಗಲೇ ‘ದುಡ್ಡು ಮಾಡುವ ದಾರಿ’ ಎಂಬ ಅನುಮಾನ ಹುಟ್ಟುವುದು. ಒಂದು ಉದಾಹರಣೆ ಇಟ್ಟುಕೊಂಡು ದಿನಗಳನ್ನು ಎಣಿಸಿ ನೋಡೋಣ.

ಚಿಂತಾಮಣಿಯ ಹತ್ತಿರದ ಒಂದು ತೋಟದ ಮನೆ. ಎರಡು ವರ್ಷದ ಬೀದಿ ನಾಯಿಯೊಂದು ಬಂದು ಸೇರಿಕೊಂಡಿದೆ. ತೂಕ 15 ಕಿಲೋ, ಹೆಸರು ರಾಜ. ಜುಲೈ 1ರಂದು ಮರಿ ಹೊತ್ತ ಸೊಳ್ಳೆಯೊಂದು ಅದನ್ನು ಕಚ್ಚಿತು ಎನ್ನೋಣ. ಆ ದಿನ ಯಾರಿಗೂ ಗೊತ್ತಾಗುವುದಿಲ್ಲ.

ಜುಲೈ ಮಧ್ಯದ ಹೊತ್ತಿಗೆ ಒಳಗೆ ನಾಲ್ಕನೇ ಹಂತದ ಮರಿಗಳಿವೆ. ಈ ಹೊತ್ತಿನಲ್ಲಿ ತಡೆ ಔಷಧ ಕೊಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೊಡಲಿಲ್ಲ. ಆಗಸ್ಟ್ ಕೊನೆಗೆ 60 ದಿನವಾಯಿತು, ಮರಿಗಳು ಎಳೆಯ ಹುಳುಗಳಾದವು. ಸೆಪ್ಟೆಂಬರ್ ಮಧ್ಯಕ್ಕೆ ಶ್ವಾಸಕೋಶದ ನಾಳ ಸೇರಿದವು.

ಸೆಪ್ಟೆಂಬರ್ 20ರಂದು ಮನೆಯವರು ರಾಜನನ್ನು ಪಶು ವೈದ್ಯರ ಹತ್ತಿರ ಕರೆದೊಯ್ದು ಪರೀಕ್ಷೆ ಮಾಡಿಸುತ್ತಾರೆ. ಫಲಿತಾಂಶ ನೆಗೆಟಿವ್ ಬರುತ್ತದೆ. ಪರೀಕ್ಷೆ ಸುಳ್ಳು ಹೇಳಿತೇ? ಇಲ್ಲ. ಸಾಮಾನ್ಯವಾಗಿ ಮಾಡುವ ಪರೀಕ್ಷೆ ಹುಡುಕುವುದು ಬೆಳೆದ ಹೆಣ್ಣು ಹುಳು ರಕ್ತಕ್ಕೆ ಬಿಡುವ ಒಂದು ಪದಾರ್ಥವನ್ನು. ಅದಕ್ಕೆ ಆಂಟಿಜನ್ ಎನ್ನುತ್ತಾರೆ. ಕಚ್ಚಿ 81 ದಿನವಷ್ಟೇ ಆಗಿದೆ, ಹೆಣ್ಣು ಹುಳು ಇನ್ನೂ ಬೆಳೆದಿಲ್ಲ. ಆಂಟಿಜನ್ ಸಿಗಲು ಕಡಿಮೆ ಎಂದರೂ ಐದು ತಿಂಗಳು ಬೇಕು. ನಂಬಿಕೆಯಿಂದ ಹೇಳಬೇಕಾದರೆ ಏಳು ತಿಂಗಳು ಬೇಕು.

ಅಂದೇ ತಡೆ ಔಷಧ ಶುರುವಾಗುತ್ತದೆ, ಮತ್ತು ಮನೆಯವರು ಒಂದು ತಿಂಗಳೂ ತಪ್ಪಿಸದೆ ಕೊಡುತ್ತಾರೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊಸದಾಗಿ ಸೇರಿದ ಮರಿಗಳು ಸಾಯುತ್ತವೆ. ಜುಲೈ 1ರವು ಆ ವೇಳೆಗೆ ಕೈಮೀರಿವೆ. ಮಾರ್ಚ್ 20ರಂದು ಎರಡನೇ ಪರೀಕ್ಷೆ ಮಾಡಿದಾಗ ಪಾಸಿಟಿವ್ ಬರುತ್ತದೆ. ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟರೆ ವೈದ್ಯರಿಗೆ ವಿಷಯ ಸ್ಪಷ್ಟ. ಔಷಧ ವಿಫಲವಾಗಿಲ್ಲ, ಸೋಂಕು ಔಷಧ ಶುರುವಾಗುವ ಮೊದಲಿನದು, ಹುಳುಗಳು ಇನ್ನೂ ಎಳೆಯವು, ಚಿಕಿತ್ಸೆಗೆ ಒಳ್ಳೆಯ ಸಮಯ. ಮೊದಲ ಪರೀಕ್ಷೆ ಮಾಡಿಸದೇ ಇದ್ದಿದ್ದರೆ ಈ ಹುಳು ಆರು ತಿಂಗಳದೋ, ಐದು ವರ್ಷದ್ದೋ ಹೇಳುವುದು ಕಷ್ಟವಾಗುತ್ತಿತ್ತು. ಎರಡನೆಯದನ್ನು ಮಾಡಿಸದೇ ಇದ್ದಿದ್ದರೆ ಹುಳು ಇರುವುದೇ ತಿಳಿಯುತ್ತಿರಲಿಲ್ಲ.

ಇದೇ ಲೆಕ್ಕದಿಂದ ಮರಿಗಳ ವಿಷಯವೂ ಅರ್ಥವಾಗುತ್ತದೆ. ಎಂಟು ವಾರದ ನಾಯಿಮರಿಯಲ್ಲಿ ದೊಡ್ಡ ಹುಳು ಇರಲು ಸಾಧ್ಯವೇ ಇಲ್ಲ. ಅದಕ್ಕೆ ಪರೀಕ್ಷೆ ಮಾಡಿಸುವುದರಿಂದ ಏನೂ ಸಿಗದು, ನೇರವಾಗಿ ತಡೆ ಔಷಧ ಶುರು ಮಾಡಿ ಆರು ತಿಂಗಳಾದ ಮೇಲೆ ಪರೀಕ್ಷಿಸಬಹುದು. ಏಳು ತಿಂಗಳು ದಾಟಿದ ನಾಯಿಗೆ ಮಾತ್ರ ಮೊದಲು ಪರೀಕ್ಷೆ, ಆಮೇಲೆ ಔಷಧ. ನಡುವೆ ಎರಡು ಮೂರು ತಿಂಗಳು ಮಾತ್ರೆ ತಪ್ಪಿಸಿದವರೂ ವೈದ್ಯರಿಗೆ ಅದನ್ನು ಹೇಳಿ ಮತ್ತೆ ಪರೀಕ್ಷೆ ಮಾಡಿಸಬೇಕು. ತಪ್ಪಿಸಿದ್ದನ್ನು ಮುಚ್ಚಿಟ್ಟರೆ ಲೆಕ್ಕ ತಪ್ಪುತ್ತದೆ.

ರಕ್ತದಲ್ಲಿ ಕಂಡ ಹುಳುವೆಲ್ಲ ಹೃದಯದ ಹುಳುವಲ್ಲ

ನಮ್ಮ ಕಡೆಯವರಿಗೆ ಮುಖ್ಯವಾದ ವಿಷಯ ಇದು. ಭಾರತದಲ್ಲಿ ನಾಯಿಯ ಹೃದಯದ ಹುಳು ಹೆಚ್ಚಾಗಿ ದಾಖಲಾಗಿರುವುದು ಅಸ್ಸಾಂ, ಮಿಜೋರಾಂ ಮೊದಲಾದ ಈಶಾನ್ಯ ರಾಜ್ಯಗಳಲ್ಲಿ. ದಕ್ಷಿಣದಲ್ಲಿ ನಾಯಿಯ ರಕ್ತದಲ್ಲಿ ಮೈಕ್ರೋಫಿಲೇರಿಯಾ ಕಂಡರೆ ಅದು ಬಹಳ ಸಲ ಡೈರೋಫಿಲೇರಿಯಾ ರಿಪೆನ್ಸ್ ಎಂಬ ಇನ್ನೊಂದು ಹುಳುವಿನದು. ಇದೂ ಸೊಳ್ಳೆಯಿಂದಲೇ ಬರುತ್ತದೆ. ಆದರೆ ದೊಡ್ಡ ಹುಳು ಹೃದಯಕ್ಕೆ ಹೋಗದೆ ಚರ್ಮದ ಅಡಿಯಲ್ಲಿ ಇರುತ್ತದೆ. ನಾಯಿಗೆ ತುರಿಕೆ, ಗಂಟು ಆಗಬಹುದು, ಬಹಳ ಸಲ ಏನೂ ಆಗುವುದಿಲ್ಲ. ಮನುಷ್ಯರಿಗೂ ಆಗೊಮ್ಮೆ ಈಗೊಮ್ಮೆ ಇದು ಬರುತ್ತದೆ. ಕೇರಳ ಮತ್ತು ನಮ್ಮ ಕರಾವಳಿಯಲ್ಲಿ ಜನರ ಕಣ್ಣಿನ ಪೊರೆಯಡಿಯಿಂದ ವೈದ್ಯರು ಹೊರತೆಗೆದ ಹುಳುಗಳಲ್ಲಿ ಇದೂ ಇದೆ. ಅಲ್ಲಿಯೂ ನಾಯಿಯನ್ನು ಮುಟ್ಟಿದ್ದರಿಂದ ಬಂದದ್ದಲ್ಲ, ಸೊಳ್ಳೆಯಿಂದ ಬಂದದ್ದು.

ಮೂರನೆಯದು ಅಕಾಂತೋಕೀಲೋನೀಮಾ ರೆಕಾಂಡಿಟಮ್. ಹೆಸರು ಉದ್ದ, ತೊಂದರೆ ಕಡಿಮೆ. ಇದನ್ನು ಒಯ್ಯುವುದು ಮುಖ್ಯವಾಗಿ ಚಿಗಟ.

ಸೂಕ್ಷ್ಮದರ್ಶಕದಡಿ ಒಂದು ಹನಿ ರಕ್ತ ಇಟ್ಟರೆ ಮೂರರ ಮರಿಗಳೂ ಎಳೆಹಾವಿನಂತೆ ನುಲಿಯುತ್ತಾ ಕಾಣುತ್ತವೆ. ಅನುಭವಿಗಳು ಚಲನೆ ನೋಡಿಯೇ ಒಂದು ಅಂದಾಜು ಮಾಡುತ್ತಾರೆ. ಚಿಗಟದಿಂದ ಬಂದದ್ದು ಗಾಜಿನ ಮೇಲೆ ಸರಸರನೆ ಮುಂದೆ ಸಾಗುತ್ತದೆ, ಡೈರೋಫಿಲೇರಿಯಾದವು ಇದ್ದಲ್ಲೇ ಒದ್ದಾಡುತ್ತವೆ. ಖಚಿತ ಮಾಡಿಕೊಳ್ಳಲು ನಾಟ್ ವಿಧಾನ ಎಂಬ ಪರೀಕ್ಷೆ ಇದೆ. 1 ಮಿಲಿಲೀಟರ್ ರಕ್ತವನ್ನು 9 ಮಿಲಿಲೀಟರ್ ಶೇಕಡಾ 2ರ ಫಾರ್ಮಲಿನ್ ದ್ರಾವಣದಲ್ಲಿ ಬೆರೆಸುತ್ತಾರೆ. ಕೆಂಪು ರಕ್ತಕಣಗಳು ಒಡೆದು ಹೋಗುತ್ತವೆ. ಯಂತ್ರದಲ್ಲಿ ತಿರುಗಿಸಿ ತಳದಲ್ಲಿ ಕುಳಿತದ್ದಕ್ಕೆ ನೀಲಿ ಬಣ್ಣ ಹಾಕಿ, ಮರಿಗಳ ಉದ್ದ, ತಲೆ, ಬಾಲದ ಆಕಾರ ನೋಡುತ್ತಾರೆ. ಒಂದು ಹನಿಯಲ್ಲಿ ಸಿಗದೆ ಹೋದ ಮರಿಯೂ ಒಂದು ಮಿಲಿಲೀಟರ್‌ನಲ್ಲಿ ಸಿಗುತ್ತದೆ. ಮರಿಗಳು ರಕ್ತದಲ್ಲಿ ಹಗಲಿಗಿಂತ ಸಂಜೆ, ರಾತ್ರಿ ಹೆಚ್ಚು ಓಡಾಡುವುದರಿಂದ ಕೆಲವು ವೈದ್ಯರು ಸಂಜೆ ರಕ್ತ ತೆಗೆಯಲು ಹೇಳುವುದುಂಟು.

ಆಂಟಿಜನ್ ಪರೀಕ್ಷೆ ಬೇರೆ. ಗರ್ಭ ಪರೀಕ್ಷೆಯ ಪಟ್ಟಿಯಂತಹ ಸಣ್ಣ ಕಿಟ್‌ನ ಮೇಲೆ ಕೆಲವು ಹನಿ ಹಾಕಿದರೆ ಹತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಇದಕ್ಕೂ ಮಿತಿ ಇದೆ. ಒಳಗೆ ಗಂಡು ಹುಳುಗಳು ಮಾತ್ರ ಇದ್ದರೆ, ಅಥವಾ ಹೆಣ್ಣು ಒಂದೇ ಒಂದಿದ್ದರೆ ಗೆರೆ ಮೂಡದೇ ಇರಬಹುದು. ಆದ್ದರಿಂದ ಎರಡನ್ನೂ ಒಟ್ಟಿಗೆ ಮಾಡಿಸುವುದು ಒಳ್ಳೆಯದು. ಮರಿ ಇದೆ, ಆಂಟಿಜನ್ ಇಲ್ಲ ಎಂದು ಬಂದರೆ ನಮ್ಮ ಕಡೆ ರಿಪೆನ್ಸ್ ಅಥವಾ ಚಿಗಟದ ಹುಳುವಿನ ಮೇಲೆ ಅನುಮಾನ ಹೋಗುತ್ತದೆ. ಆಂಟಿಜನ್ ಇದೆ, ಮರಿ ಇಲ್ಲ ಎಂದು ಬಂದರೂ ಹೃದಯದ ಹುಳು ಇರಬಹುದು. ಪರೀಕ್ಷೆ ಇಲ್ಲದೆ ಔಷಧ ಶುರು ಮಾಡಿದರೆ ರಕ್ತದಲ್ಲಿನ ಮರಿಗಳು ನಿಧಾನವಾಗಿ ಕಡಿಮೆಯಾಗಿ ಈ ಸುಳಿವೇ ಅಳಿಸಿಹೋಗುತ್ತದೆ. ಇದು ಮೂರನೇ ಕಾರಣ.

ಕೆಮ್ಮು, ಸುಸ್ತು, ತೂಕ ಇಳಿಯುವುದು ಎಂದಾಕ್ಷಣ ಹೃದಯದ ಹುಳು ಎಂದುಕೊಳ್ಳುವುದೂ ತಪ್ಪು. ಉಣ್ಣೆಯಿಂದ ಬರುವ ಜ್ವರ ನಮ್ಮ ನಾಯಿಗಳಲ್ಲಿ ಬಹಳ ಸಾಮಾನ್ಯ, ಅದರಲ್ಲೂ ನಾಯಿ ಸೊರಗುತ್ತದೆ. ಅದಕ್ಕೆ ಕೊಡುವ ಔಷಧವೇ ಬೇರೆ.

ಕುರಿಯ ಇಂಜೆಕ್ಷನ್ ಮತ್ತು ಹನಿಯ ಐದನೇ ಒಂದು ಭಾಗ

ಈಗ ಮನೆಯಲ್ಲಿರುವ ಆ ಬಾಟಲಿಗೆ ಬರೋಣ. ಕುರಿ, ಮೇಕೆ, ದನಗಳಿಗೆ ಹಾಕುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಸಾಮಾನ್ಯವಾಗಿ ಶೇಕಡಾ 1ರದ್ದು. ಅಂದರೆ 1 ಮಿಲಿಲೀಟರ್‌ನಲ್ಲಿ 10 ಮಿಲಿಗ್ರಾಂ, ಅಥವಾ 10,000 ಮೈಕ್ರೋಗ್ರಾಂ ಔಷಧ. ಕುರಿಗೆ ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ ಲೆಕ್ಕ. ನಾಯಿಯ ಹೃದಯದ ಹುಳು ತಡೆಯಲು ಬೇಕಾದದ್ದು ಕಿಲೋಗೆ ಕೇವಲ 6 ಮೈಕ್ರೋಗ್ರಾಂ.

ನಮ್ಮ 15 ಕಿಲೋ ರಾಜನಿಗೆ ಬೇಕಾದದ್ದು 90 ಮೈಕ್ರೋಗ್ರಾಂ. ಆ ಬಾಟಲಿಯಿಂದ ಅಳೆದರೆ 0.009 ಮಿಲಿಲೀಟರ್, ಒಂದು ಹನಿಯ ಐದನೇ ಒಂದು ಭಾಗದಷ್ಟು. ಇದನ್ನು ಸಾಮಾನ್ಯ ಸಿರಿಂಜಿನಲ್ಲಿ ಅಳೆಯಲು ಆಗುವುದೇ ಇಲ್ಲ. ಕುರಿಯ ಲೆಕ್ಕದಲ್ಲಿ 0.3 ಮಿಲಿಲೀಟರ್ ಕೊಟ್ಟರೆ ಬೇಕಾದದ್ದಕ್ಕಿಂತ 33 ಪಟ್ಟು ಹೆಚ್ಚಾಯಿತು. ‘ಒಂದು ಎಂ.ಎಲ್. ಹಾಕಿ’ ಎಂಬ ಫಾರ್ವರ್ಡ್ ನಂಬಿದರೆ 110 ಪಟ್ಟು.

ಕಜ್ಜಿಗೆ ವೈದ್ಯರು ನಾಯಿಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಐವರ್‌ಮೆಕ್ಟಿನ್ ಕೊಡುವುದುಂಟಲ್ಲ ಎಂದು ನೀವು ಕೇಳಬಹುದು. ನಿಜ. ಅವರು ನಾಯಿಯ ತಳಿ, ವಯಸ್ಸು, ಆರೋಗ್ಯ ನೋಡಿ ಕೊಡುತ್ತಾರೆ. ಕೋಲಿ ಮತ್ತು ಅದರ ಬಳಗದ ಕುರಿ ಕಾಯುವ ವಿದೇಶಿ ತಳಿಗಳಲ್ಲಿ ಬಹಳಷ್ಟಕ್ಕೆ ಒಂದು ಜೀನಿನ ದೋಷವಿದೆ. ಅವುಗಳ ಮಿದುಳಿಗೆ ಈ ಔಷಧ ಸುಲಭವಾಗಿ ನುಗ್ಗುತ್ತದೆ. ತಡೆ ಮಾತ್ರೆಯ 6 ಮೈಕ್ರೋಗ್ರಾಂ ಅವಕ್ಕೂ ಸುರಕ್ಷಿತ, ಆದರೆ ಕುರಿಯ ಪ್ರಮಾಣ ಪ್ರಾಣಾಂತಿಕ. ಬೆರಕೆ ನಾಯಿಯಲ್ಲಿ ಈ ದೋಷ ಇದೆಯೋ ಇಲ್ಲವೋ ನೋಡಿದರೆ ತಿಳಿಯದು. ಔಷಧ ಹೆಚ್ಚಾದಾಗ ನಾಯಿ ತೂರಾಡುತ್ತದೆ, ಜೊಲ್ಲು ಸುರಿಸುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಕಣ್ಣು ಕಾಣದಂತೆ ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ಹೀಗಾದರೆ ಕಾಯದೆ ವೈದ್ಯರ ಹತ್ತಿರ ಒಯ್ಯಿರಿ, ಯಾವ ಔಷಧ ಎಷ್ಟು ಕೊಟ್ಟಿರಿ ಎಂಬುದನ್ನು ಮರೆಮಾಚದೆ ಹೇಳಿ. ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.

ಪಾಸಿಟಿವ್ ಬಂದರೆ?

ಹೆದರಬೇಕಾಗಿಲ್ಲ, ಆತುರವನ್ನೂ ಪಡಬಾರದು. ಸಾಮಾನ್ಯವಾಗಿ ಇನ್ನೊಂದು ಬಗೆಯ ಪರೀಕ್ಷೆಯಿಂದ ಫಲಿತಾಂಶ ಖಚಿತ ಮಾಡಿಕೊಂಡು, ಎದೆಯ ಎಕ್ಸ್‌ರೇ ನೋಡುತ್ತಾರೆ. ಮೊದಲು ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಹುಳುವಿಗೆ ಆಂಟಿಬಯಾಟಿಕ್ ಏಕೆ ಎಂದರೆ, ಹುಳುವಿನ ಒಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದು ಸತ್ತರೆ ಹುಳು ಬಡವಾಗುತ್ತದೆ. ಆಮೇಲೆ ಹುಳು ಸತ್ತಾಗ ಆಗುವ ಉರಿಯೂತವೂ ಕಡಿಮೆಯಾಗುತ್ತದೆ. ದೊಡ್ಡ ಹುಳುವನ್ನು ಕೊಲ್ಲುವ ಮೆಲಾರ್ಸೊಮಿನ್ ಇಂಜೆಕ್ಷನ್ ಅನ್ನು ಎರಡು ತಿಂಗಳಾದ ಮೇಲೆ ಒಂದು, ಇನ್ನೊಂದು ತಿಂಗಳು ಬಿಟ್ಟು ಸತತ ಎರಡು ದಿನ ಎರಡು, ಹೀಗೆ ಒಟ್ಟು ಮೂರು ಸಲ ಬೆನ್ನಿನ ಮಾಂಸಖಂಡಕ್ಕೆ ಕೊಡುತ್ತಾರೆ. ಈ ಔಷಧ ಎಲ್ಲ ಕಡೆ ಸುಲಭವಾಗಿ ಸಿಗುವುದಿಲ್ಲ. ಸಿಗದಿದ್ದಾಗ ಡಾಕ್ಸಿಸೈಕ್ಲಿನ್ ಜೊತೆ ಮಾಕ್ಸಿಡೆಕ್ಟಿನ್ ಬಳಸಿ ನಿಧಾನವಾಗಿ ಹುಳು ಕೊಲ್ಲುವ ದಾರಿಯನ್ನು ವೈದ್ಯರು ಹಿಡಿಯುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೂ ಬೇಕು.

ಈ ಅವಧಿಯಲ್ಲಿ ಮನೆಯವರ ಕೈಯಲ್ಲಿರುವ ಮುಖ್ಯ ಕೆಲಸ ನಾಯಿಯನ್ನು ಓಡಲು ಬಿಡದಿರುವುದು. ಸತ್ತ ಹುಳುವಿನ ತುಂಡುಗಳು ರಕ್ತದಲ್ಲಿ ತೇಲಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ನಾಯಿ ಸುಮ್ಮನೆ ಮಲಗಿದ್ದರೆ ದೇಹ ಅವನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಅದೇ ನಾಯಿ ಕೋತಿ ಅಟ್ಟಿಸಿಕೊಂಡು ತೋಟದುದ್ದಕ್ಕೂ ಓಡಿದರೆ ಅಡಚಣೆ ಹೆಚ್ಚಿ ಸಾಯಲೂಬಹುದು. ಕೊನೆಯ ಇಂಜೆಕ್ಷನ್ ಆದ ಮೇಲೂ ಆರರಿಂದ ಎಂಟು ವಾರ ಸರಪಳಿಯಲ್ಲೇ ಸಣ್ಣ ನಡಿಗೆ.

ಹಾಗಾದರೆ ನಾವು ಏನು ಮಾಡಬೇಕು?

ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ‘ನಾಯಿಯ ರಕ್ತದಲ್ಲಿ ಮೈಕ್ರೋಫಿಲೇರಿಯಾ ಮತ್ತು ಹೃದಯದ ಹುಳುವಿನ ಆಂಟಿಜನ್ ಎರಡನ್ನೂ ನೋಡಬೇಕು’ ಎಂದು ಕೇಳಿ. ಅಲ್ಲಿ ಕಿಟ್ ಇಲ್ಲದಿದ್ದರೆ ಎಲ್ಲಿ ಮಾಡಿಸಬೇಕೆಂದು ವೈದ್ಯರು ಹೇಳುತ್ತಾರೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ನಾಯಿಗೆ ತಡೆ ಔಷಧ ಬೇಕೋ ಬೇಡವೋ, ಬೇಕಾದರೆ ಯಾವುದು ಎಂಬುದನ್ನು ಆ ಫಲಿತಾಂಶ ಕೈಯಲ್ಲಿ ಹಿಡಿದು ವೈದ್ಯರ ಜೊತೆ ಕುಳಿತು ತೀರ್ಮಾನಿಸಿ. ಮೊದಲ ಪರೀಕ್ಷೆಯ ದಿನಾಂಕವನ್ನು ಲಸಿಕೆ ಪುಸ್ತಕದಲ್ಲೇ ಬರೆಸಿ, ಆರು ತಿಂಗಳ ಮುಂದಿನ ದಿನಕ್ಕೆ ಮೊಬೈಲ್‌ನಲ್ಲಿ ಅಲಾರಂ ಇಡಿ. ಆಮೇಲೆ ವರ್ಷಕ್ಕೊಮ್ಮೆ ಸಾಕು.

ಅಷ್ಟರಲ್ಲಿ ನಾಯಿ ಮಲಗುವ ಜಾಗದ ಸುತ್ತ ನಿಂತ ನೀರು ಚೆಲ್ಲಿ, ನೀರಿನ ಬಟ್ಟಲನ್ನು ವಾರಕ್ಕೊಮ್ಮೆಯಾದರೂ ಉಜ್ಜಿ ತೊಳೆಯಿರಿ. ಸಂಜೆಯಾದ ಮೇಲೆ ಸಾಧ್ಯವಾದರೆ ಅದನ್ನು ಒಳಗೆ ಕಟ್ಟಿ. ಆ ಹೃದಯದ ಚಿತ್ರದ ಫಾರ್ವರ್ಡ್ ಮತ್ತೆ ನಿಮ್ಮ ಗುಂಪಿಗೆ ಬಂದರೆ ಅದರ ಕೆಳಗೆ ಒಂದೇ ಸಾಲು ಬರೆಯಿರಿ: ‘ಮೊದಲು ರಕ್ತ ಪರೀಕ್ಷೆ, ಆಮೇಲೆ ಮಾತ್ರೆ. ಕುರಿಯ ಇಂಜೆಕ್ಷನ್ ನಾಯಿಗಲ್ಲ.’